9 ವ್ಯಾಟ್ ಎಲ್‌ಇಡಿ ಬಲ್ಬಿನ ಡಬ್ಬಿ ಮೇಲೆ ವರ್ಷಕ್ಕೆ ಎಷ್ಟು ಉಳಿತಾಯ ಅಂತ ಬರೆಯಬೇಕು? ಅಂಕಿ ದೊಡ್ಡದಿದ್ದರೆ ಗಿರಾಕಿ ಬೇಗ ಕೊಳ್ಳುತ್ತಾರಾ?

ಕೊಳ್ಳುತ್ತಾರೆ. ಆಮೇಲೆ ಕರೆಂಟ್ ಬಿಲ್ ಹಿಡಿದುಕೊಂಡು ವಾಪಸ್ ಬರುತ್ತಾರೆ.

2017ರಲ್ಲಿ ನನ್ನ ಗೆಳೆಯ ಬಲ್ಬು ಜೋಡಿಸಿ ಮಾರುತ್ತಿದ್ದ. ಡಬ್ಬಿ ಮೇಲಿನ ಬರಹ ನನ್ನದು. 'ವರ್ಷಕ್ಕೆ ₹1,340 ಉಳಿತಾಯ' ಅಂತ ಕೆಂಪಕ್ಷರದಲ್ಲಿ ಹಾಕಿಸಿದೆ. 60 ವ್ಯಾಟಿನ ಹಳೇ ಗುಂಡು ಬಲ್ಬಿನಿಂದ 9 ಕಳೆದರೆ 51 ವ್ಯಾಟ್. ದಿನಕ್ಕೆ 12 ಗಂಟೆ, 365 ದಿನ, ಸಾವಿರದಿಂದ ಭಾಗಿಸಿದರೆ 223 ಯೂನಿಟ್. ಯೂನಿಟ್ಟಿಗೆ ₹6. ಗುಣಾಕಾರದಲ್ಲಿ ಒಂದು ಪೈಸೆ ತಪ್ಪಿಲ್ಲ.

ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರು ಅಂಗಡಿಗೆ ಬಂದರು. ಡಬ್ಬಿಯ ಹಿಂದೆ ಪೆನ್ಸಿಲ್‌ನಲ್ಲಿ ಲೆಕ್ಕ ಮಾಡಿದ್ದರು. "ನಮ್ಮನೇಲಿ ಗುಂಡು ಬಲ್ಬು ಎಲ್ಲಿದೆ ಮಾರಾಯ? ನಾನು ಬಿಚ್ಚಿದ್ದು 14 ವ್ಯಾಟಿನ ಸಿಎಫ್‌ಎಲ್. ಹಾಲಲ್ಲಿ ದೀಪ ಉರಿಯೋದು ಸಂಜೆ ಆರರಿಂದ ಹನ್ನೊಂದು."

14ರಲ್ಲಿ 9 ಹೋದರೆ 5 ವ್ಯಾಟ್. ದಿನಕ್ಕೆ 5 ಗಂಟೆ ಅಂದರೆ ವರ್ಷಕ್ಕೆ 9 ಯೂನಿಟ್ ಚಿಲ್ಲರೆ. ₹55!

ನಾನು ಎಡವಿದ್ದು ಅಲ್ಲೇ. ಉಳಿತಾಯ ಹೊಸ ಬಲ್ಬಿನಲ್ಲಿ ಇರುವುದಿಲ್ಲ, ಹೋಲ್ಡರ್‌ನಿಂದ ಬಿಚ್ಚುವ ಬಲ್ಬಿನಲ್ಲಿ ಇರುತ್ತದೆ. ಬಿಚ್ಚುವುದು ಯಾವುದು ಅಂತ ನಾನು ಕೇಳಲೇ ಇಲ್ಲ. ಗುಂಡು ಬಲ್ಬನ್ನೇ ಬಿಚ್ಚಿದರೂ ಅದೇ 5 ಗಂಟೆಗೆ 93 ಯೂನಿಟ್, ₹558. ನಮ್ಮ ಬಲ್ಬಿನ ಬೆಲೆ ₹90. ಗುಂಡು ಬಲ್ಬಿನ ಮನೆಗೆ ಎರಡು ತಿಂಗಳಲ್ಲಿ ದುಡ್ಡು ವಾಪಸ್, ಮೇಷ್ಟ್ರಿಗೆ ಒಂದೂವರೆ ವರ್ಷ ದಾಟುತ್ತದೆ. ಮಾತು ಊರೆಲ್ಲ ಹರಡಿತು. ಉಳಿದ ಡಬ್ಬಿಗಳಿಗೆ ಗೆಳೆಯ ಬಿಳಿ ಸ್ಟಿಕರ್ ಅಂಟಿಸುತ್ತಾ ಕೂತ. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಎಲ್ಲರಿಗೂ ಸೇರಿ ಒಂದೇ ಅಂಕಿ ಹಾಕುವ ಯೋಚನೆಯನ್ನೇ ಬಿಡಿ. ಅದರಲ್ಲೂ ಕರ್ನಾಟಕದಲ್ಲಿ ಮಾರುವುದಾದರೆ 2023ರಿಂದ ಗೃಹಜ್ಯೋತಿ ಇದೆ. ಸೊನ್ನೆ ಬಿಲ್ ಬರುವ ಮನೆಗೆ ಹೋಗಿ 'ರೂಪಾಯಿ ಉಳಿಸಿ' ಅಂದರೆ ನಗುತ್ತಾರೆ, ಅಲ್ವಾ? ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆ ಗೆರೆಯ ಹತ್ತಿರ ಇರುವವರಿಗೆ ಯೂನಿಟ್ ಲೆಕ್ಕ ರೂಪಾಯಿಗಿಂತ ಬೇಗ ತಲೆಗೆ ಹೋಗುತ್ತದೆ. ಹಾಗಾಗಿ ಯೂನಿಟ್ ಮೊದಲು, ರೂಪಾಯಿ ಆಮೇಲೆ.

ಸ್ಟಿಕರ್ ಮೇಲೆ ನಾವು ಕೊನೆಗೆ ಬರೆದದ್ದು ಇಷ್ಟು: 'ದಿನಕ್ಕೆ 5 ಗಂಟೆ ಉರಿಸಿದರೆ, 60 ವ್ಯಾಟ್ ಗುಂಡು ಬಲ್ಬಿನ ಬದಲಿಗೆ ವರ್ಷಕ್ಕೆ 93 ಯೂನಿಟ್ ಉಳಿತಾಯ. 14 ವ್ಯಾಟ್ ಸಿಎಫ್‌ಎಲ್ ಬದಲಿಗೆ 9 ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ.'

ಆ 9 ಬೇಡ ಅಂತ ಗೆಳೆಯ ಹಟ ಹಿಡಿದ. ನಾನು ಬಿಡಲಿಲ್ಲ. ಮೇಷ್ಟ್ರು ಮುಂದಿನ ಸಲ ಬಂದಾಗ ಎರಡು ಬಲ್ಬು ತೆಗೆದುಕೊಂಡರು, ದನದ ಕೊಟ್ಟಿಗೆಗಂತೆ. ಅಲ್ಲಿ ಇನ್ನೂ ಗುಂಡು ಬಲ್ಬೇ ಇತ್ತು.