ಪಿಎಫ್ ಅಂತ ಹಿಡಿದ ಹಣ ಮೊದಲು ವಾಪಸ್ ಕೊಡಿ

ಓದುಗರ ಪತ್ರ: ‘ಹಾಸನದಲ್ಲಿ ನಂದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಎಂಟು ತಿಂಗಳ ಹಿಂದೆ ಮೊದಲ ಬಾರಿಗೆ ಮೂವರು ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಂಡೆ. ತಿಂಗಳಿಗೆ 9,000 ರೂಪಾಯಿ ಸಂಬಳ, ಮಾಡಿದ ಕೆಲಸಕ್ಕೆ ಶೇಕಡಾ 30 ಕಮಿಷನ್. ಪಿಎಫ್ ಅಂತ ಒಬ್ಬೊಬ್ಬರಿಂದ 1,080 ಹಿಡಿದು ನನ್ನ ಖಾತೆಯಲ್ಲೇ ಇಟ್ಟಿದ್ದೇನೆ, ಇನ್ನೂ ಎಲ್ಲೂ ಕಟ್ಟಿಲ್ಲ. ಮಂಗಳವಾರ ಅಂಗಡಿ ಮುಚ್ಚಿರುತ್ತೆ, ಆ ದಿನದ ಸಂಬಳವೂ, ರಜೆ ಹಾಕಿದ ದಿನದ್ದೂ ಕೊಡೋದಿಲ್ಲ. ಇದೆಲ್ಲ ಸರೀನಾ?’
– ಓದುಗಿ, ಹಾಸನ

ಸಂಪಾದಕರ ಉತ್ತರ:

ಪಿಎಫ್ ವಿಷಯದಿಂದಲೇ ಶುರು ಮಾಡುತ್ತೇನೆ. ನೀವು ಇವತ್ತೇ ಸರಿ ಮಾಡಬೇಕಾದದ್ದು ಅದು. ಪಿಎಫ್ ಕಾನೂನು ಕಡ್ಡಾಯವಾಗುವುದು 20 ಜನ ಕೆಲಸಗಾರರಾದಾಗ. ಮೂವರಿರುವ ಪಾರ್ಲರ್‌ಗೆ ಕಡ್ಡಾಯವಲ್ಲ. ಕಡ್ಡಾಯವಲ್ಲದಿದ್ದರೂ ಹಿಡಿಯಬಹುದಲ್ವಾ ಎಂದರೆ, ಖಂಡಿತ ಇಲ್ಲ. ನಿಮ್ಮ ಪಾರ್ಲರ್ ಪಿಎಫ್ ಕಚೇರಿಯಲ್ಲಿ ನೋಂದಣಿಯಾಗಿ, ಪ್ರತಿಯೊಬ್ಬಳಿಗೂ ಖಾತೆ ಸಂಖ್ಯೆ ಬಂದ ಮೇಲೆ ಮಾತ್ರ ಆ ಹೆಸರಲ್ಲಿ ಹಣ ಹಿಡಿಯಬಹುದು. ಅಲ್ಲಿಯವರೆಗೆ ಅದು ಸಂಬಳದಲ್ಲಿ ಮಾಡಿದ ಅಕ್ರಮ ಕಡಿತ. ಮೂವರ ಎಂಟು ತಿಂಗಳ ಹಣ 25,920 ರೂಪಾಯಿ ಆಗುತ್ತದೆ. ಅದನ್ನು ಒಬ್ಬೊಬ್ಬರಿಗೂ ಬ್ಯಾಂಕ್ ಮೂಲಕ ವಾಪಸ್ ಹಾಕಿ, ಯಾವ ತಿಂಗಳಿನದು ಎಂದು ಬರೆದು ಕೊಡಿ.

ನಿಮ್ಮ ಮನಸ್ಸಿನಲ್ಲಿ ಮೋಸ ಇರಲಿಲ್ಲ ಎಂಬುದು ಪತ್ರದಲ್ಲೇ ಕಾಣುತ್ತದೆ. ಆದರೂ ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನನ್ನ ತಂಗಿ ಹಿಂದೆ ಒಂದು ಅಂಗಡಿಯಲ್ಲಿ ಎರಡು ವರ್ಷ ದುಡಿದಳು. ತಿಂಗಳು ತಿಂಗಳು ಪಿಎಫ್ ಹಿಡಿದರು. ಕೆಲಸ ಬಿಟ್ಟಾಗ ನೋಡಿದರೆ ಖಾತೆಯೇ ಇರಲಿಲ್ಲ. ಆ ಹಣ ಅವಳಿಗೆ ಇವತ್ತಿಗೂ ಬಂದಿಲ್ಲ.

ಇನ್ನು ಸಂಬಳ. ನಿಮ್ಮ ಲೆಕ್ಕದಲ್ಲಿ ದೊಡ್ಡ ತೊಂದರೆ ಇರುವುದು ಇಲ್ಲೇ. ಕನಿಷ್ಠ ವೇತನ ಮೊದಲ ಕೆಲಸಗಾರಳಿಂದಲೇ ಅನ್ವಯಿಸುತ್ತದೆ, ಅದಕ್ಕೆ ಇಷ್ಟು ಜನ ಇರಬೇಕೆಂಬ ಮಿತಿ ಇಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ‘ವೇತನ’ ಎಂದರೆ ಏನೆಂದು ಹೇಳುವಾಗ ಕಮಿಷನ್ನನ್ನು ಹೊರಗಿಟ್ಟಿದೆ. ಅಂದರೆ ‘9,000ಕ್ಕೆ ಕಮಿಷನ್ ಸೇರಿಸಿದರೆ ಸರಿಹೋಗುತ್ತೆ’ ಎಂಬ ಲೆಕ್ಕದ ಮೇಲೆ ನಿಲ್ಲುವ ಹಾಗಿಲ್ಲ. ಗಿರಾಕಿ ಕೈಗೆ ಕೊಟ್ಟುಹೋಗುವ ಟಿಪ್ಸ್ ಅಂತೂ ನೀವು ಕೊಟ್ಟದ್ದೇ ಅಲ್ಲ. ನಿಗದಿತ ಸಂಬಳ ತಾನಾಗಿಯೇ ಕನಿಷ್ಠ ವೇತನವನ್ನು ಮುಟ್ಟಬೇಕು.

ಆ ಮೊತ್ತ ಊರಿನ ವಲಯ ಮತ್ತು ಕೆಲಸದ ಕುಶಲತೆ ನೋಡಿ ಬದಲಾಗುತ್ತದೆ. ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಹಾಸನದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಈ ವರ್ಷದ ಪಟ್ಟಿ ಕೇಳಿ, ನಿಮ್ಮ ವಲಯದ ಸಾಲನ್ನು ಗುರುತು ಹಾಕಿಸಿಕೊಂಡು ಬನ್ನಿ. ಹೇರ್ ಕಟ್, ಸ್ಟ್ರೇಟನಿಂಗ್ ಮಾಡುವವಳನ್ನು ಕಸ ಗುಡಿಸುವ ಸಹಾಯಕಿಯ ಸಾಲಿನಲ್ಲಿ ತೋರಿಸಬೇಡಿ.

ಲೆಕ್ಕ ಹಾಕಿ ನೋಡೋಣ. ಪಟ್ಟಿಯಲ್ಲಿ ಆ ಕೆಲಸಕ್ಕೆ 14,000 ಇದೆ ಎಂದುಕೊಳ್ಳಿ. ಇದು ಉದಾಹರಣೆಯ ಅಂಕಿ ಅಷ್ಟೆ. ಮದುವೆ ಸೀಸನ್‌ನಲ್ಲಿ ಒಬ್ಬ ಹುಡುಗಿ 30,000 ರೂಪಾಯಿಯ ಕೆಲಸ ಮಾಡಿದರೆ ನಿಮ್ಮ ಈಗಿನ ಪದ್ಧತಿಯಲ್ಲಿ 9,000 ಕಮಿಷನ್ ಸೇರಿ 18,000 ಸಿಗುತ್ತದೆ. ಆಷಾಢ ಬಂತು, 5,000ದ ಕೆಲಸವಷ್ಟೇ ಆಯಿತು ಎನ್ನಿ. ಆಗ ಅವಳ ಕೈಗೆ ಬರುವುದು 10,500. ಮನೆ ಬಾಡಿಗೆಗೆ ಆಷಾಢ ಇಲ್ಲವಲ್ಲ.

ಇದನ್ನು ಹೀಗೆ ಬದಲಾಯಿಸಬಹುದು. ನಿಗದಿತ ಸಂಬಳ 14,000 ಮಾಡಿ. ಮೊದಲ 10,000ದ ಕೆಲಸಕ್ಕೆ ಕಮಿಷನ್ ಬೇಡ, ಅದರ ಮೇಲಿನ ಕೆಲಸಕ್ಕೆ ಶೇಕಡಾ 20 ಕೊಡಿ. ಸೀಸನ್‌ನಲ್ಲಿ 20,000ಕ್ಕೆ 4,000 ಕಮಿಷನ್ ಬಂದು ಮತ್ತೆ ಅದೇ 18,000 ಆಗುತ್ತದೆ. ಆಷಾಢದಲ್ಲಿ ಮಾತ್ರ ನಿಮಗೆ 3,500 ಜಾಸ್ತಿ ಖರ್ಚು. ಆ ಹಣವನ್ನು ಸೀಸನ್‌ನಲ್ಲೇ ಎತ್ತಿಡಬೇಕು. ಹುಡುಗಿಯರ ಜೊತೆ ಕೂತು ಮಾತಾಡಿಯೇ ಈ ಬದಲಾವಣೆ ಮಾಡಿ, ಒಪ್ಪಿದ್ದನ್ನು ನೇಮಕಾತಿ ಪತ್ರದಲ್ಲಿ ಬರೆಯಿರಿ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಆ ಪತ್ರ ಕೊಡಲೇಬೇಕು. ಹಾಗೆಯೇ ಪಾರ್ಲರ್ ಆ ಕಾಯ್ದೆಯಡಿ ನೋಂದಣಿಯಾಗಿರಬೇಕು. ಆಗಿಲ್ಲದಿದ್ದರೆ ಅದೇ ಕಚೇರಿಯಲ್ಲಿ ಅದನ್ನೂ ಮುಗಿಸಿಬಿಡಿ.

ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಯಾರಾದರೂ ಕೆಲಸ ಬಿಟ್ಟರೆ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ‘ಹೇಳದೆ ಬಿಟ್ಟಳು, ಕೊನೆ ತಿಂಗಳದ್ದು ಕೊಡಲ್ಲ’ ಎನ್ನುವುದು ಪಾರ್ಲರ್‌ಗಳಲ್ಲಿ ಮಾಮೂಲು, ಆದರೆ ತಪ್ಪು.

ಮಂಗಳವಾರದ ಸಂಬಳ ಹಿಡಿಯುವುದೂ ತಪ್ಪು. ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಬೇಕು, ಅದಕ್ಕಾಗಿ ಸಂಬಳ ಕಡಿಯಬಾರದು. ಇದುವರೆಗೆ ಹಿಡಿದ ಮಂಗಳವಾರಗಳ ಹಣವನ್ನೂ ಪಿಎಫ್ ಹಣದ ಜೊತೆಗೇ ಕೊಟ್ಟುಬಿಡಿ.

ಉಳಿದ ರಜೆಯ ಲೆಕ್ಕ ಹೀಗೆ. ಕಾಯಿಲೆ ಅಥವಾ ನ್ಯಾಯವಾದ ಬೇರೆ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ, ಅದು ಮೊದಲ ವರ್ಷದಿಂದಲೇ ಸಿಗುತ್ತದೆ. ಇದರ ಜೊತೆಗೆ ಹಿಂದಿನ ವರ್ಷ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ. ಒಬ್ಬಳು ವರ್ಷದಲ್ಲಿ 280 ದಿನ ಬಂದಿದ್ದರೆ ಮುಂದಿನ ವರ್ಷಕ್ಕೆ 14 ದಿನ ಆಯಿತು. ಬಳಸದೆ ಕೆಲಸ ಬಿಟ್ಟರೆ ಆ ದಿನಗಳ ಹಣ ಕೊಡಬೇಕು. ಆದ್ದರಿಂದ ಹಾಜರಿ ಪುಸ್ತಕ ಸರಿಯಾಗಿ ಇಡಿ, ಅವಳ ಸಹಿಯೂ ಇರಲಿ. ಎಲ್ಲ ರಜೆ ಮುಗಿದ ಮೇಲೆ ಗೈರಾದ ದಿನದ ಸಂಬಳ ಹಿಡಿಯಬಹುದು, ಅದಕ್ಕೆ ಮೊದಲು ಬೇಡ.

ಹಬ್ಬದ ರಜೆ ಬೇರೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ನಿಗದಿಯಾದವು. ಇವುಗಳ ಜೊತೆ ಇನ್ನೂ ಐದು ಹಬ್ಬದ ದಿನ. ಹಾಸನಾಂಬೆ ದರ್ಶನದ ಒಂದು ದಿನವನ್ನು ಅದರಲ್ಲಿ ಸೇರಿಸಿದರೆ ನಿಮ್ಮ ಹುಡುಗಿಯರಿಗೆ ಖುಷಿಯಾಗುತ್ತದೆ. ಮದುವೆ ಮೇಕಪ್ ಬಂದು ರಜೆ ದಿನವೇ ಕರೆಸಿದರೆ ಎರಡರಷ್ಟು ಸಂಬಳ ಕೊಡಿ, ಇಲ್ಲವೇ ಆ ದಿನದ ಸಂಬಳ ಕೊಟ್ಟು ಬದಲಿ ರಜೆ ಕೊಡಿ.

ಕೊನೆಗೆ ಮತ್ತೆ ಪಿಎಫ್. ಹುಡುಗಿಯರಿಗೆ ನಿಜವಾಗಿಯೂ ಉಳಿತಾಯ ಮಾಡಿಸಬೇಕು ಎಂದಿದ್ದರೆ ದಾರಿ ಇದೆ. ನೀವೂ ಅವರಲ್ಲಿ ಹೆಚ್ಚಿನವರೂ ಒಪ್ಪಿದರೆ ಸ್ವಇಚ್ಛೆಯಿಂದ ನೋಂದಣಿ ಮಾಡಿಸಬಹುದು. 20ಕ್ಕಿಂತ ಕಡಿಮೆ ಜನರಿರುವ ಕಡೆ ಶೇಕಡಾ 10ರ ದರ ಇದೆ. 14,000 ಸಂಬಳಕ್ಕೆ ಅವಳಿಂದ 1,400, ನಿಮ್ಮಿಂದ 1,400. ನಿಮ್ಮ ಪಾಲಿಗೆ ವಿಮೆಗೆಂದು ಅರ್ಧ ಶೇಕಡಾ, ಅಂದರೆ 70 ರೂಪಾಯಿ ಸೇರುತ್ತದೆ. ಆಡಳಿತ ಶುಲ್ಕ ಇಡೀ ಪಾರ್ಲರ್‌ಗೆ ತಿಂಗಳಿಗೆ ಕನಿಷ್ಠ 500. ಮೂವರಿಗೆ ನಿಮ್ಮ ಕೈಯಿಂದ 4,910 ಹೋಗುತ್ತದೆ, ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನನ್ನ ಅಭಿಪ್ರಾಯ ಕೇಳಿದರೆ, ಈ ವರ್ಷ ಮೊದಲು ಸಂಬಳವನ್ನು ಕನಿಷ್ಠ ವೇತನಕ್ಕೆ ಏರಿಸಿ. ಅದನ್ನು ಒಂದು ಆಷಾಢ ದಾಟಿಸಿದ ಮೇಲೆ ಪಿಎಫ್ ಯೋಚನೆ ಮಾಡಿ.

ಬೇಲೂರಿನಲ್ಲೋ ಸಕಲೇಶಪುರದಲ್ಲೋ ಮುಂದೆ ಶಾಖೆ ತೆಗೆದರೆ ಎಲ್ಲ ಕಡೆಯ ಕೆಲಸಗಾರರನ್ನೂ ಒಟ್ಟಿಗೆ ಎಣಿಸುತ್ತಾರೆ. ಹತ್ತು ಜನರಾದ ತಿಂಗಳೇ ಕೆಲಸಗಾರರ ಆರೋಗ್ಯ ವಿಮೆಯಾದ ಇಎಸ್ಐ ಬಗ್ಗೆ ವಿಚಾರಿಸಿ. 20 ಆದಾಗ ಪಿಎಫ್ ಕಡ್ಡಾಯ, ಆಮೇಲೆ ಜನ ಕಡಿಮೆಯಾದರೂ ಅದು ತಾನಾಗಿ ನಿಲ್ಲುವುದಿಲ್ಲ.