ರಿಫ್ರೆಶ್ ಆಗಿತ್ತು, ಲೀಟರ್ ಮಾತ್ರ ಜಾಸ್ತಿ

ಪ್ರಶ್ನೆ: ನಾನು ಒಂದು ಹಾಲು ಒಕ್ಕೂಟದ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಹಿಂದಿನ ದಿನದ ಹಾಲು ಶೇಖರಣೆ ಲೆಕ್ಕ ಬೆಳಿಗ್ಗೆ 5ಕ್ಕೆ ತಾನಾಗಿಯೇ ಪವರ್ ಬಿಐ ಡ್ಯಾಶ್‌ಬೋರ್ಡಿಗೆ ಬರುತ್ತೆ. ಕಳೆದ ವಾರ ಒಂದು ದಿನ 4,12,600 ಲೀಟರ್ ಬದಲು 4,18,200 ತೋರಿಸಿತು. ಮರುದಿನ ಬೆಳಿಗ್ಗೆವರೆಗೂ ಯಾರಿಗೂ ಗೊತ್ತಾಗಲಿಲ್ಲ. ರೂಟ್ ಬದಲಾದ 7 ಸಂಘಗಳು ಮಾಸ್ಟರ್ ಟೇಬಲಿನಲ್ಲಿ ಎರಡೆರಡು ಸಲ ಇದ್ದವು. ಎಂಡಿ ಸಾಹೇಬರು ವರದಿ ಕೇಳಿದ್ದಾರೆ. ‘ಡೇಟಾ ಎಂಟ್ರಿ ತಪ್ಪು’ ಅಂತ ಬರೆದು ಮುಗಿಸಬಹುದಾ?

ಉತ್ತರ: ಹಾಗೆ ಬರೆಯಬೇಡಿ. ಹೊಸ ರೂಟಿನ ಸಾಲು ಸೇರಿಸಿದವರು ತಮ್ಮ ಕೆಲಸವನ್ನೇ ಮಾಡಿದ್ದಾರೆ. ಹಳೆ ಸಾಲನ್ನು ಅವರು ಅಳಿಸಿದ್ದರೆ ಹೋದ ತಿಂಗಳ ರೂಟ್‌ವಾರು ಲೆಕ್ಕ ಕೆಡುತ್ತಿತ್ತು. ಒಂದೇ ಸಂಘಕ್ಕೆ ಎರಡು ಸಾಲು ಬಂದರೆ ಏನು ಮಾಡಬೇಕು ಅಂತ ನಿಮ್ಮ ರಿಪೋರ್ಟಿಗೆ ಯಾರೂ ಹೇಳಿರಲಿಲ್ಲ. ಕಾರಣ ಅದು.

ನೀವು ಶೇಖರಣೆ ಟೇಬಲಿಗೆ ಮಾಸ್ಟರನ್ನು ಪವರ್ ಕ್ವೆರಿಯ `Merge` ಬಳಸಿ ಜೋಡಿಸಿದ್ದೀರಿ ಅನ್ನಿಸುತ್ತೆ. ಅಲ್ಲಿ ಒಂದು ಕೋಡಿಗೆ ಎರಡು ಸಾಲು ಸಿಕ್ಕರೆ ಹಾಲಿನ ಸಾಲೂ ಎರಡಾಗುತ್ತದೆ, ಯಾವ ಎರರೂ ಬರುವುದಿಲ್ಲ. 7 ಸಂಘ, ಬೆಳಿಗ್ಗೆ-ಸಂಜೆ ಎರಡು ಹೊತ್ತು: 14 ಸಾಲು ಜಾಸ್ತಿ ಆಗಿರಬೇಕು. ಇದೇ ಜೋಡಣೆ ಮಾಡೆಲ್‌ನಲ್ಲಿ ಒನ್-ಟು-ಮೆನಿ ರಿಲೇಶನ್‌ಶಿಪ್ ಆಗಿದ್ದರೆ ರಿಫ್ರೆಶ್ ಅಲ್ಲೇ ಫೇಲ್ ಆಗುತ್ತಿತ್ತು. ಹಿಂದಿನ ದಿನದ ಅಂಕಿ ಹಾಗೇ ಉಳಿದು, ರಿಪೋರ್ಟ್ ಮಾಲೀಕರಿಗೆ ಮೇಲ್ ಹೋಗುತ್ತಿತ್ತು. ನಿಮ್ಮಲ್ಲಿ `Completed` ಅಂತ ಬಂತು, ಎಲ್ಲರೂ ಅದನ್ನೇ ನಂಬಿದರು.

ವರದಿ ಬರೆಯುವ ಮೊದಲು ಒಂದು ಲೆಕ್ಕ ಮಾಡಿ. ಆ 7 ಸಂಘಗಳ ಆ ದಿನದ ಹಾಲನ್ನು ಮಾತ್ರ ಕೂಡಿ. ಸರಿಯಾಗಿ 5,600 ಲೀಟರ್ ಬಂದರೆ ಕಾರಣ ಪೂರ್ತಿ ಸಿಕ್ಕಿತು. 5,300 ಬಂತು ಅಂದ್ರೆ ಇನ್ನೊಂದು ತಪ್ಪು ಎಲ್ಲೋ ಉಳಿದಿದೆ, ಹುಡುಕಿ. ಈ ಲೆಕ್ಕವನ್ನು ವರದಿಯಲ್ಲೇ ಹಾಕಿ. ಎಂಡಿಯವರಿಗೆ ಬೇರೆ ಯಾವ ವಿವರಣೆಗಿಂತ ಇದು ಬೇಗ ಅರ್ಥವಾಗುತ್ತದೆ.

ಅದು ಒಂದಿಡೀ ದಿನ ಯಾಕೆ ಗೊತ್ತಾಗಲಿಲ್ಲ ಅನ್ನೋದು ಬೇರೆಯೇ ಪ್ರಶ್ನೆ. ಅದಕ್ಕೆ ವರದಿಯಲ್ಲಿ ಪ್ರತ್ಯೇಕ ಜಾಗ ಕೊಡಿ. ಏರಿಕೆ ಶೇ 1.4ರಷ್ಟೇ ಇತ್ತು. ಮಳೆ ಬಂದು ಮೇವು ಸಿಕ್ಕರೆ ಅಷ್ಟು ಏರಿಳಿತ ಸುಮ್ನೆ ಆಗುತ್ತೆ ಅಲ್ವಾ? ‘ಶೇ 5 ದಾಟಿದರೆ ಎಚ್ಚರಿಸು’ ಅಂತ ಅಲಾರಂ ಇಟ್ಟಿದ್ದರೂ ಅದು ಹೊಡೆಯುತ್ತಿರಲಿಲ್ಲ. ಅದಕ್ಕೇ ನಿನ್ನೆಯ ಅಂಕಿಗೆ ಇವತ್ತಿನದನ್ನು ಹೋಲಿಸುವ ಪರೀಕ್ಷೆ ಇಲ್ಲಿ ಸಾಲದು. ಜೋಡಿಸುವ ಮೊದಲು ಎಷ್ಟು ಸಾಲು, ಎಷ್ಟು ಲೀಟರ್ ಇತ್ತೋ, ಜೋಡಿಸಿದ ಮೇಲೂ ಅಷ್ಟೇ ಇರಬೇಕು. ಒಂದು ಸಾಲು ಹೆಚ್ಚಾದರೂ ಅಂಕಿ ಹೊರಗೆ ಹೋಗಬಾರದು.

ಇನ್ನು ಪರಿಹಾರ. ಮಾಸ್ಟರಿನಲ್ಲಿ ಒಂದು ಸಂಘಕ್ಕೆ ಒಂದೇ ಸಾಲು ಅಂತ ಕಟ್ಟುಪಾಡು ಹಾಕಬೇಡಿ, ರೂಟು ಮುಂದೆಯೂ ಬದಲಾಗುತ್ತಲೇ ಇರುತ್ತದೆ. ಪ್ರತಿ ಸಾಲಿಗೆ ಯಾವ ದಿನದಿಂದ ಯಾವ ದಿನದವರೆಗೆ ಅನ್ನೋ ಎರಡು ಕಾಲಂ ಕೊಡಿ. ಜೋಡಣೆಯನ್ನು ಡೇಟಾಬೇಸಿನಲ್ಲೇ ಮಾಡಿ:

```sql
FROM collection c
LEFT JOIN society_master m
  ON m.society_code = c.society_code
 AND c.milk_date >= m.valid_from
 AND c.milk_date <= m.valid_to
```

ಈಗ ಚಾಲ್ತಿಯಲ್ಲಿರುವ ಸಾಲಿನ `valid_to` ಖಾಲಿ ಬಿಡಬೇಡಿ, `9999-12-31` ಹಾಕಿ. ಖಾಲಿ ಇದ್ದರೆ ಆ ಸಂಘಕ್ಕೆ ರೂಟೇ ಸಿಗುವುದಿಲ್ಲ. ಹಳೆ ಸಾಲಿನ ಕೊನೆ ದಿನ ಹಾಕಲು ಯಾರಾದರೂ ಮರೆತರೆ ಮತ್ತೆ ಇದೇ ಡಬಲ್ ಲೆಕ್ಕ ಬರುತ್ತದೆ. ಹಾಗಾಗಿ ಸಾಲು-ಲೀಟರ್ ಹೋಲಿಕೆ ಬೇಕೇ ಬೇಕು. 5 ಗಂಟೆಗೆ ಡೇಟಾ ಮೊದಲು ಬೇರೊಂದು ಟೇಬಲಿಗೆ ಬರಲಿ. ಹೋಲಿಕೆ ಸರಿಬಂದರೆ ಮಾತ್ರ ಡ್ಯಾಶ್‌ಬೋರ್ಡ್ ಓದುವ ಟೇಬಲಿಗೆ ಹೋಗಲಿ. ಸರಿಬರದಿದ್ದರೆ ಹಿಂದಿನ ದಿನದ ಅಂಕಿಯೇ ನಿಲ್ಲಲಿ, ಮೇಲೆ ಅದು ಯಾವ ದಿನದ ಹಾಲು ಅಂತ ದೊಡ್ಡದಾಗಿ ಕಾಣಲಿ. ರಿಫ್ರೆಶ್ ಆದ ಸಮಯ ಮಾತ್ರ ತೋರಿಸಿದರೆ ಜನ ಹಳೆ ಅಂಕಿಯನ್ನೇ ಹೊಸದು ಅಂದುಕೊಳ್ಳುತ್ತಾರೆ.

ವರದಿಯಲ್ಲಿ ಗಂಟೆಗಳನ್ನು ಬರೆಯಿರಿ: ಮಾಸ್ಟರ್ ಬದಲಾದದ್ದು, ತಪ್ಪು ಅಂಕಿ ಹೊರಗೆ ಬಂದದ್ದು, ಮೊದಲು ಯಾರು ಹೇಗೆ ಗಮನಿಸಿದ್ದು, ಸರಿಪಡಿಸಿದ್ದು. ಆ ಇಡೀ ದಿನ ಅಂಕಿಯನ್ನು ಯಾರು ಬಳಸಿದರು ಅನ್ನೋದೂ ಇರಲಿ. ಡ್ಯಾಶ್‌ಬೋರ್ಡ್ ತಿದ್ದಿದ ಮಾತ್ರಕ್ಕೆ ಎಕ್ಸೆಲಿಗೆ ಇಳಿಸಿಕೊಂಡ ಪ್ರತಿ, ವಾಟ್ಸಾಪಿನಲ್ಲಿ ಹೋದ ಸ್ಕ್ರೀನ್‌ಶಾಟ್ ಸರಿಹೋಗುವುದಿಲ್ಲ. ಹಾಲಿನ ಪುಡಿಗೆ ಎಷ್ಟು ಕಳಿಸಬೇಕು ಅಂತ ಅದೇ ಅಂಕಿ ನೋಡಿ ತೀರ್ಮಾನಿಸಿದವರಿದ್ದರೆ ಅವರಿಗೆ ಫೋನ್ ಮಾಡಿ ಹೇಳಿ, ಹೇಳಿದ ಹೊತ್ತನ್ನೂ ವರದಿಗೆ ಸೇರಿಸಿ.