ಪ್ಲೇಸ್‌ಮೆಂಟ್ ಆಫೀಸರ್‌ಗೆ ಮೊದಲ ಮೇಲ್: ಫಿಕ್ಸೆಡ್ ಸಂಬಳ ಬರೆಯದೆ ಕಳಿಸಬೇಡಿ

ಪ್ರಶ್ನೆ: ನಮ್ಮದು ಸಣ್ಣ ಸಾಫ್ಟ್‌ವೇರ್ ಕಂಪನಿ. ಕಾಲೇಜುಗಳಲ್ಲಿ ಯಾರ ಪರಿಚಯವೂ ಇಲ್ಲ. ಫ್ರೆಶರ್‌ಗಳನ್ನು ಕ್ಯಾಂಪಸ್‌ನಿಂದಲೇ ತಗೋಬೇಕು ಅಂತಿದೀವಿ. ಪ್ಲೇಸ್‌ಮೆಂಟ್ ಆಫೀಸರ್ ಉತ್ತರ ಕೊಡೋ ಹಾಗೆ ಮೇಲ್ ಬರೆಯೋದು ಹೇಗೆ? ಒಳ್ಳೆ ಟೆಂಪ್ಲೇಟ್ ಇದ್ರೆ ಕೊಡಿ.

ಉತ್ತರದ ಚಿಂತೆ ಬಿಡಿ, ಅದು ಬರುತ್ತದೆ. ನನಗೂ ಬಂದಿತ್ತು, ಅದೂ ಮಾರನೇ ದಿನವೇ. ನನಗೆ ಕಷ್ಟ ಶುರುವಾಗಿದ್ದೇ ಉತ್ತರ ಬಂದ ಮೇಲೆ.

ಆಗ ನಾನು ಒಂದು ಸಣ್ಣ ಪ್ರಾಡಕ್ಟ್ ಕಂಪನಿಯಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತಿದ್ದೆ. ಎಚ್‌ಆರ್ ಅಂದರೆ ನಾನೊಬ್ಬನೇ. ಸಪೋರ್ಟ್ ಇಂಜಿನಿಯರ್ ಕೆಲಸಕ್ಕೆ ಆರು ಜನ ಫ್ರೆಶರ್ ಬೇಕಿತ್ತು. ಒಂದು ಇಂಜಿನಿಯರಿಂಗ್ ಕಾಲೇಜಿನ ವೆಬ್‌ಸೈಟಿನಲ್ಲಿ ಪ್ಲೇಸ್‌ಮೆಂಟ್ ವಿಭಾಗದ ವಿಳಾಸ ಹುಡುಕಿ ಮೇಲ್ ಹಾಕಿದೆ. ಕಂಪನಿ ಬಗ್ಗೆ ಎರಡು ಪ್ಯಾರಾ, ಕಲಿಯುವ ಅವಕಾಶದ ಬಗ್ಗೆ ಒಂದು ಪ್ಯಾರಾ, ಕೊನೆಯಲ್ಲಿ ಒಂದೇ ಸಾಲು: "ಸಿಟಿಸಿ ವರ್ಷಕ್ಕೆ 5 ಲಕ್ಷದವರೆಗೆ." ಆ ಒಂದು ಸಾಲಿನಿಂದಲೇ ಎಲ್ಲ ಕೆಟ್ಟಿದ್ದು.

ಆ 5 ಲಕ್ಷ ಬಿಡಿಸಿದರೆ ಹೀಗಿತ್ತು. ಫಿಕ್ಸೆಡ್ ಸಂಬಳ 3 ಲಕ್ಷ 40 ಸಾವಿರ. ಕೆಲಸ ನೋಡಿ ಕೊಡುವ ವೇರಿಯಬಲ್ 60 ಸಾವಿರ. ಒಂದು ವರ್ಷ ಪೂರ್ತಿ ಇದ್ದರೆ ಮಾತ್ರ ಸಿಗುವ ರಿಟೆನ್ಷನ್ ಬೋನಸ್ ಇನ್ನೊಂದು 60 ಸಾವಿರ. ಉಳಿದ 40 ಸಾವಿರ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್. ಲೆಕ್ಕದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಓದುವ ಹುಡುಗ 5 ಲಕ್ಷವನ್ನು 12ರಿಂದ ಭಾಗಿಸುತ್ತಾನೆ, ತಿಂಗಳಿಗೆ 41 ಸಾವಿರ ಚಿಲ್ಲರೆ ಅಂದುಕೊಳ್ಳುತ್ತಾನೆ. ನಿಜಕ್ಕೂ ಬ್ಯಾಂಕಿಗೆ ಬರುವುದು 28,333ರಲ್ಲಿ ಅವನ ಪಾಲಿನ ಪಿಎಫ್, ಪ್ರೊಫೆಷನಲ್ ಟ್ಯಾಕ್ಸ್ ಹೋಗಿ 26 ಸಾವಿರ ಚಿಲ್ಲರೆ. ನಾನು ಮಾಡಿದ್ದು ಮೂಗಿಗೆ ತುಪ್ಪ ಸವರುವ ಕೆಲಸ.

ಎಲ್ಲರೂ ಹಾಗೇ ಬರೆಯುತ್ತಾರಲ್ಲ ಅನ್ನಬಹುದು. ನಮ್ಮ ಬಾಸ್ ಕೂಡ ಅದನ್ನೇ ಅಂದಿದ್ದರು. ಆದರೆ ಕ್ಯಾಂಪಸ್‌ನಲ್ಲಿ ಆ ಅಂಕಿ ಸುಮ್ನೆ ಜಾಹೀರಾತಾಗಿ ಉಳಿಯುವುದಿಲ್ಲ. ಅದರ ಮೇಲೆ ಆಫೀಸರ್ ಒಂದು ತೀರ್ಮಾನ ತೆಗೆದುಕೊಳ್ಳುತ್ತಾರೆ. ನನಗೆ ಗೊತ್ತಿಲ್ಲದೆ ಹೋಗಿದ್ದು ಇದೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತುಂಬಾ ಕಾಲೇಜುಗಳಲ್ಲಿ ಒಬ್ಬರಿಗೆ ಒಂದೇ ಕೆಲಸ ಅನ್ನುವ ನಿಯಮ ಇರುತ್ತದೆ. ಒಂದು ಆಫರ್ ಸಿಕ್ಕವರು ಮುಂದಿನ ಕಂಪನಿಗಳಿಗೆ ಕೂರುವ ಹಾಗಿಲ್ಲ, ಇಲ್ಲದಿದ್ದರೆ ಚೆನ್ನಾಗಿ ಓದುವ ಹತ್ತು ಜನರೇ ಎಲ್ಲ ಆಫರ್ ಬಾಚಿಕೊಳ್ಳುತ್ತಾರೆ. ಇದಕ್ಕೆ ಒಂದು ವಿನಾಯಿತಿಯೂ ಇರುತ್ತದೆ. ಸಿಕ್ಕಿರುವುದು ಕಡಿಮೆ ಸಂಬಳದ್ದಾದರೆ, ಒಂದು ಗೆರೆಗಿಂತ ಜಾಸ್ತಿ ಕೊಡುವ ಕಂಪನಿಗೆ ಮಾತ್ರ ಮತ್ತೆ ಕೂರಬಹುದು. ಅಂಥ ಕಂಪನಿಗಳನ್ನು ಡ್ರೀಮ್ ಅನ್ನುತ್ತಾರೆ. ಗೆರೆ ಎಲ್ಲಿ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ನಾನು ಬರೆದ ಕಾಲೇಜಿನಲ್ಲಿ ಅದು 4 ಲಕ್ಷ ಇತ್ತು.

ಈಗ ಗೊತ್ತಾಯಿತಲ್ವಾ? 3.4 ಅಂತ ಬರೆದಿದ್ದರೆ ನಾವು ಸಾಮಾನ್ಯ ಪಟ್ಟಿಯಲ್ಲಿ ಇರುತ್ತಿದ್ದೆವು, ನಾವು ಆರಿಸಿದ ಹುಡುಗರಿಗೆ ಮೇಲಿನ ಬಾಗಿಲು ತೆರೆದೇ ಇರುತ್ತಿತ್ತು. 5 ಅಂತ ಬರೆದಿದ್ದಕ್ಕೆ ನಾವು ಡ್ರೀಮ್ ಆದೆವು. ಏಳನೇ ಸೆಮಿಸ್ಟರ್‌ನ ಶುರುವಿನಲ್ಲೇ ದಿನ ಸಿಕ್ಕಿತು, ಒಳ್ಳೊಳ್ಳೆ ಹುಡುಗರು ಕೂತರು, ಆರು ಜನರನ್ನು ಆರಿಸಿ ಅವತ್ತೇ ಒಂದು ಪುಟದ ಲೆಟರ್ ಆಫ್ ಇಂಟೆಂಟ್ ಕೊಟ್ಟೆವು. ಅದರಲ್ಲೂ ಸಿಟಿಸಿ ಒಂದೇ ಇತ್ತು. ಆರೂ ಜನರ ಹೆಸರು ಮುಂದಿನ ಎಲ್ಲ ಡ್ರೈವ್‌ಗಳ ಪಟ್ಟಿಯಿಂದ ಹೋಯಿತು. ಆಮೇಲೆ ಅದೇ ಕಾಲೇಜಿಗೆ ಫಿಕ್ಸೆಡ್ಡೇ 4.2 ಲಕ್ಷ ಕೊಡುವ ಕಂಪನಿ ಬಂದಿದೆ, ಇವರು ಹಾಲ್‌ನ ಹೊರಗೆ ನಿಂತಿದ್ದಾರೆ.

ಸಂಬಳದ ವಿವರ ಇರುವ ಪೂರ್ತಿ ಆಫರ್ ಲೆಟರ್ ನಾವು ಕಳಿಸಿದ್ದು ಕೊನೆ ಸೆಮಿಸ್ಟರ್ ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ಸೀಸನ್ ಮುಗಿದಿತ್ತು. ಹುಡುಗರು ಕೊನೆಯ ಪುಟದ ಪಟ್ಟಿ ನೋಡಿದರು, ಅಪ್ಪ ಅಮ್ಮಂದಿರು ಕಾಲೇಜಿಗೆ ಹೋದರು. ಆಫೀಸರ್ ಫೋನ್ ಮಾಡಿದಾಗ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಸಾರ್, ನಿಮ್ಮ ಮೇಲನ್ನ ನಾನು ಒಂದಕ್ಷರ ಬದಲಿಸದೆ ಮಕ್ಕಳಿಗೆ ಕಳಿಸಿದ್ದೆ. ಈಗ ಅವರಿಗೆ ಏನು ಹೇಳಲಿ, ನೀವೇ ಹೇಳಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆರರಲ್ಲಿ ನಾಲ್ಕು ಜನ ಸೇರಲಿಲ್ಲ. ಆ ಕಾಲೇಜಿನಿಂದ ಮತ್ತೆ ಉತ್ತರ ಬರಲಿಲ್ಲ. ಈ ಆಫೀಸರ್‌ಗಳು ಒಬ್ಬರಿಗೊಬ್ಬರು ಪರಿಚಯದವರು ಬೇರೆ. ಮುಂದಿನ ವರ್ಷ ಇನ್ನೊಂದು ಕಾಲೇಜಿಗೆ ಬರೆದರೆ ಅವರ ಮೊದಲ ಪ್ರಶ್ನೆಯೇ "ಫಿಕ್ಸೆಡ್ ಎಷ್ಟು?"

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಉತ್ತರ ಬರಿಸುವ ಮೇಲ್ ಬೇಡ ನಿಮಗೆ. ಆಫೀಸರ್ ಕಣ್ಣು ಮುಚ್ಚಿಕೊಂಡು ವಿದ್ಯಾರ್ಥಿಗಳ ಗ್ರೂಪಿಗೆ ಫಾರ್ವರ್ಡ್ ಮಾಡಬಹುದಾದ ಮೇಲ್ ಬೇಕು. ಅವರು ಎಷ್ಟೋ ಕಡೆ ಪಾಠ ಮಾಡುವ ಮೇಷ್ಟ್ರೂ ಹೌದು, ಎರಡು ಕ್ಲಾಸಿನ ಮಧ್ಯೆ ಮೊಬೈಲಿನಲ್ಲಿ ನಿಮ್ಮ ಮೇಲ್ ಓದುತ್ತಾರೆ. ನಿಮ್ಮ ಕಂಪನಿಯ ಕನಸು, ಸಂಸ್ಕೃತಿ, ಇವೆಲ್ಲ ಅವರಿಗೆ ಬೇಡ. ದೊಡ್ಡ ಪಿಪಿಟಿ ಅಂಟಿಸಿದರೆ ಅದು ತೆರೆಯುವುದೂ ಇಲ್ಲ.

ವಿಷಯದ ಸಾಲಿನಲ್ಲೇ ಎಲ್ಲ ಬರಲಿ: "ಕ್ಯಾಂಪಸ್ ಡ್ರೈವ್ ಕೋರಿಕೆ: ಸಪೋರ್ಟ್ ಇಂಜಿನಿಯರ್, 6 ಹುದ್ದೆ, ಫಿಕ್ಸೆಡ್ 3.4 ಲಕ್ಷ, ಜುಲೈನಲ್ಲಿ ಸೇರ್ಪಡೆ." ಒಳಗೆ ಇಷ್ಟು ಸಾಕು, ಇಂಗ್ಲಿಷಿನಲ್ಲೋ ಕನ್ನಡದಲ್ಲೋ ನಿಮ್ಮಿಷ್ಟ:

"ನಮಸ್ಕಾರ ಸಾರ್. ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ 40 ಜನರ ಕಂಪನಿ. ಈ ವರ್ಷ ಮುಗಿಸುವ ಬ್ಯಾಚಿನಿಂದ ಆರು ಜನ ಬೇಕು. ಕೆಲಸ: ಗ್ರಾಹಕರ ದೂರು ನೋಡುವುದು, ಲಾಗ್ ಓದುವುದು, ಸಣ್ಣ ಎಸ್‌ಕ್ಯೂಎಲ್ ಬರೆಯುವುದು. ವಾರಕ್ಕೊಮ್ಮೆ ರಾತ್ರಿ ಪಾಳಿ ಇರುತ್ತದೆ. ಫಿಕ್ಸೆಡ್ 3.4 ಲಕ್ಷ. ವೇರಿಯಬಲ್, ಬೋನಸ್ ಇದಕ್ಕೆ ಸೇರಿಲ್ಲ, ಅವುಗಳ ವಿವರ ಜೊತೆಗಿದೆ. ಯಾವ ಬ್ರಾಂಚ್ ಆದರೂ ಸರಿ, ಡಿಗ್ರಿಯಲ್ಲಿ ಶೇ. 60, ಸೇರುವ ಹೊತ್ತಿಗೆ ಬ್ಯಾಕ್‌ಲಾಗ್ ಇರಬಾರದು. ಒಂದು ಬರವಣಿಗೆ ಪರೀಕ್ಷೆ, ಎರಡು ಸಂದರ್ಶನ, ಒಂದೇ ದಿನದಲ್ಲಿ ಮುಗಿಸುತ್ತೇವೆ. ಬಾಂಡ್ ಇಲ್ಲ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದಿಲ್ಲ, ವಿದ್ಯಾರ್ಥಿಗಳಿಂದ ಯಾವ ಹಣವನ್ನೂ ಪಡೆಯುವುದಿಲ್ಲ. ನಿಮ್ಮ ಫಾರ್ಮ್ ಇದ್ದರೆ ಕಳಿಸಿ, ತುಂಬಿಕೊಡುತ್ತೇವೆ."

ಬಾಂಡ್ ಇಲ್ಲ, ಹಣ ಪಡೆಯುವುದಿಲ್ಲ ಅನ್ನುವ ಸಾಲು ಬಿಡಬೇಡಿ. ಟ್ರೈನಿಂಗ್ ಫೀಸ್ ಅಂತ ಹುಡುಗರಿಂದ ದುಡ್ಡು ಕಿತ್ತು ಮಾಯವಾಗುವ ಕಂಪನಿಗಳು ಇರುವುದರಿಂದ, ಹೆಸರು ಕೇಳದ ಕಂಪನಿ ಅಂದ ಕೂಡಲೇ ಆಫೀಸರ್‌ಗೆ ಮೊದಲು ಬರುವುದು ಆ ಅನುಮಾನ. ಅದಕ್ಕೇ ಕಂಪನಿಯ ಸ್ವಂತ ಡೊಮೇನ್‌ನಿಂದಲೇ ಮೇಲ್ ಕಳಿಸಿ, ಸಹಿಯ ಕೆಳಗೆ ಕಂಪನಿಯ ನೋಂದಣಿ ಸಂಖ್ಯೆ ಹಾಕಿ. ಅವರು ನಿಜವಾಗಿಯೂ ಹುಡುಕಿ ನೋಡುತ್ತಾರೆ. ಮತ್ತೆ, ಅರ್ಹತೆಯನ್ನು "ಉತ್ತಮ ಶೈಕ್ಷಣಿಕ ಹಿನ್ನೆಲೆ" ಅಂತ ಬರೆಯಬೇಡಿ. ಅವರ ಹತ್ತಿರ ಇರುವುದು ಒಂದು ಎಕ್ಸೆಲ್ ಶೀಟ್. ಅದರಲ್ಲಿ ಫಿಲ್ಟರ್ ಹಾಕಲು ಬರುವಂಥದ್ದನ್ನು ಬರೆಯಿರಿ.

ಫಾಲೋಅಪ್ ಮೇಲ್ ಮೇಲೆ ಮೇಲ್ ಹಾಕುವುದು ನನಗೆ ಇಷ್ಟವಿಲ್ಲ. ಮೂರ್ನಾಲ್ಕು ದಿನ ಬಿಟ್ಟು ಪ್ಲೇಸ್‌ಮೆಂಟ್ ವಿಭಾಗಕ್ಕೆ ಫೋನ್ ಮಾಡಿ. ಆಫೀಸರ್ ಸಿಗದಿದ್ದರೆ ಅಲ್ಲಿರುವ ಸಹಾಯಕರು ಸಿಗುತ್ತಾರೆ. ಡ್ರೈವ್‌ನ ತಾರೀಕು, ಹಾಲ್, ಪಟ್ಟಿ ಎಲ್ಲ ಓಡುವುದು ಅವರ ಕೈಯಿಂದಲೇ.

ತಾರೀಕಿನ ವಿಷಯದಲ್ಲಿ ಸಣ್ಣ ಕಂಪನಿಯವರು ಸುಮ್ನೆ ಒದ್ದಾಡುತ್ತಾರೆ. ಏಳನೇ ಸೆಮಿಸ್ಟರ್‌ನ ಮೊದಲ ವಾರಗಳೇ ಬೇಕು ಅಂತ ಕೇಳಬೇಡಿ, ಅವು ದೊಡ್ಡವರಿಗೆ ಹೋಗುತ್ತವೆ. ಸಿಕ್ಕಿದರೂ ನೀವು ಆರಿಸಿದವರು ಜುಲೈವರೆಗೆ ಹತ್ತು ತಿಂಗಳು ಕಾಯಬೇಕು, ಆ ಹೊತ್ತಿಗೆ ಯಾರ ಮನಸ್ಸು ಎಲ್ಲಿರುತ್ತದೋ. ಜನವರಿ, ಫೆಬ್ರವರಿ ಕೇಳಿ. ಆಗ ಇನ್ನೂ ಕೆಲಸ ಸಿಗದ ಒಳ್ಳೆಯ ಹುಡುಗರು ಇರುತ್ತಾರೆ. ಗುಂಪು ಚರ್ಚೆಯಲ್ಲಿ ಬಾಯಿ ಬಿಡದೆ ಉಳಿದುಹೋದವರು ಜಾಸ್ತಿ, ಕೆಲಸದಲ್ಲಿ ಅವರು ಏನೂ ಕಡಿಮೆ ಇಲ್ಲ. ಕಾಲೇಜಿನವರು ಒಪ್ಪಿದರೆ ಎಂಟನೇ ಸೆಮಿಸ್ಟರ್‌ನಲ್ಲಿ ಇಂಟರ್ನ್ ಆಗಿಯೂ ತಗೊಳ್ಳಬಹುದು. ಸ್ಟೈಪೆಂಡ್ ಎಷ್ಟು ಅಂತ ಅದನ್ನೂ ಮೇಲಿನಲ್ಲೇ ಹಾಕಿ.

ಇನ್ನೊಂದು ಪೇಚು ಖಂಡಿತ ಬರುತ್ತದೆ. ಕೆಲವು ಆಫೀಸರ್‌ಗಳೇ "ಸಿಟಿಸಿ ಸ್ವಲ್ಪ ಜಾಸ್ತಿ ತೋರಿಸಿ ಸಾರ್, ಆಗ ಮಕ್ಕಳು ಬರ್ತಾರೆ" ಅನ್ನುತ್ತಾರೆ. ಅವರಿಗೂ ಮೇಲಿನವರ ಒತ್ತಡ ಇರುತ್ತದೆ, ಪ್ಯಾಕೇಜ್ ದೊಡ್ಡದಿದ್ದಷ್ಟು ಕಾಲೇಜಿನ ಬ್ಯಾನರ್‌ಗೆ ಚೆಂದ. ಬೇಡ ಅನ್ನಿ. ಅವರ ಫಾರ್ಮಿನಲ್ಲಿ ಸಿಟಿಸಿಗೆ ಒಂದೇ ಕಾಲಂ ಇದ್ದರೆ ಅದರೊಳಗೇ "5 ಲಕ್ಷ, ಇದರಲ್ಲಿ ಫಿಕ್ಸೆಡ್ 3.4" ಅಂತ ತುಂಬಿ. ನಿಮ್ಮನ್ನು ಯಾವ ಪಟ್ಟಿಗೆ ಹಾಕುತ್ತಾರೆ, ಆಯ್ಕೆಯಾದವರು ಮುಂದಿನ ಕಂಪನಿಗೆ ಕೂರಬಹುದಾ ಅಂತ ಡ್ರೈವ್‌ಗೆ ಮುಂಚೆ ಮೇಲಿನಲ್ಲೇ ಕೇಳಿ ಬರೆಸಿಕೊಳ್ಳಿ. ಲೆಟರ್ ಆಫ್ ಇಂಟೆಂಟ್ ಕೊಡುವ ದಿನ ಸಂಬಳದ ಪಟ್ಟಿಯ ಪುಟವನ್ನೂ ಅದರ ಜೊತೆಗೇ ಕೊಡಿ, ಮೇ ತಿಂಗಳವರೆಗೆ ಇಟ್ಟುಕೊಳ್ಳಬೇಡಿ.